ಸಾಂಬ್ರಾ ಟವರ್‌ನಲ್ಲಿ ಹದಿನೆಂಟು ನಿಮಿಷ

ಇದು ಕಟ್ಟಿದ ಪ್ರಕರಣ. ಇಲ್ಲಿನ ಜನ, ಆ ವಿಮಾನ, ಆ ರಾತ್ರಿ ಎಲ್ಲವೂ ಕಲ್ಪನೆ. ಆದರೆ ಇಂಧನದ ನಿಯಮಗಳು ನಿಜದವು. ಲೆಕ್ಕವೂ ಇಂಥ ರಾತ್ರಿ ವಿಮಾನ ನಿಲ್ದಾಣದ ಟವರ್‌ನಲ್ಲಿ ಕೂತು ವಿಮಾನಗಳಿಗೆ ಅನುಮತಿ ಕೊಡುವ ಕಂಟ್ರೋಲರ್‌ಗಳು ಹಾಕುವಂಥದ್ದೇ. ಹೊಸದಾಗಿ ಕೆಲಸಕ್ಕೆ ಸೇರುವವರ ಜೊತೆ ಇಂಥ ಒಂದೇ ಒಂದು ರಾತ್ರಿಯನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡುವುದು ನನಗೆ ಇಷ್ಟ. ಲಾಗ್‌ಬುಕ್‌ನಲ್ಲಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ಬರೆಯುತ್ತಾರೆ. ಓದುವುದಕ್ಕೆ ಸುಲಭವಾಗಲಿ ಅಂತ ನಾನು ನಮ್ಮ ಗಡಿಯಾರದ ಸಮಯವನ್ನೇ ಕೊಟ್ಟಿದ್ದೇನೆ.

ಜುಲೈ ತಿಂಗಳು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಟವರ್‌ನಲ್ಲಿ ಅಶ್ವಿನಿಗೆ ಅದು ಮೊದಲ ನೈಟ್ ಡ್ಯೂಟಿ. ಊರು ಬೈಲಹೊಂಗಲ. ಪ್ರಯಾಗರಾಜದ ತರಬೇತಿ ಕಾಲೇಜು ಮುಗಿಸಿ, ಇಲ್ಲಿ ಹಿರಿಯರ ಪಕ್ಕ ಕೂತು ಕಲಿತು, ಪರೀಕ್ಷೆ ಪಾಸಾಗಿ ಸ್ವಂತವಾಗಿ ಮೈಕ್ ಹಿಡಿಯುವ ರೇಟಿಂಗ್ ಪಡೆದಿದ್ದಳು. ಸೂಪರ್‌ವೈಸರ್ ಕುಲಕರ್ಣಿ ಸರ್ ಅದೇ ಕೋಣೆಯಲ್ಲಿದ್ದರು. ರಾತ್ರಿಯ ಕೊನೆಯ ವಿಮಾನ ಹೋಗಿಯಾಗಿತ್ತು. ಬಸಣ್ಣ ಮತ್ತು ಅವನ ಎಲೆಕ್ಟ್ರಿಕಲ್ ತಂಡ ಟವರ್‌ನ ಅನುಮತಿ ಪಡೆದು ರನ್‌ವೇ ಅಂಚಿನ ದೀಪಗಳನ್ನು ಬದಲಾಯಿಸುತ್ತಿತ್ತು. ತಂಡದಲ್ಲಿ ಐದು ಜನ, ಒಂದು ಜೀಪು, ಒಂದು ವಾಕಿಟಾಕಿ.

ಅಶ್ವಿನಿಯ ಮುಂದೆ ಸ್ಟ್ರಿಪ್ ಬೋರ್ಡ್ ಇತ್ತು. ಪ್ರತಿ ವಿಮಾನಕ್ಕೂ ಒಂದು ಪಟ್ಟಿ, ಅದರ ಮೇಲೆ ಪೆನ್ನಿನಲ್ಲಿ ಬರೆದ ಸಮಯ ಮತ್ತು ಎತ್ತರ. ಆಗ ಬೋರ್ಡಿನಲ್ಲಿ ಇದ್ದದ್ದು ಒಂದೇ ಪಟ್ಟಿ, ರನ್‌ವೇಯ ಜಾಗದಲ್ಲಿ ಅಡ್ಡ ಇಟ್ಟ ಕೆಂಪು ಪಟ್ಟಿ. ರನ್‌ವೇ ಮೇಲೆ ಜನ ಇದ್ದಾರೆ ಅಂತ ಅದರ ಅರ್ಥ. ಅದು ಅಲ್ಲಿರುವವರೆಗೆ ಯಾರಿಗೂ ಇಳಿಯಲು ಅನುಮತಿ ಕೊಡುವಂತಿಲ್ಲ. ಕತ್ತಲಲ್ಲಿ ಎರಡು ಕಿಲೋಮೀಟರ್ ದೂರದ ಜೀಪು ಕಣ್ಣಿಗೆ ಬೀಳದೇ ಹೋಗಬಹುದು, ನೆನಪೂ ಕೈ ಕೊಡಬಹುದು. ಅದಕ್ಕೇ ಕೈಗೆ ಅಡ್ಡ ಸಿಗುವ ಹಾಗೆ ಅದನ್ನು ಇಡುತ್ತಾರೆ.

23:34ಕ್ಕೆ, ನಿಲ್ದಾಣಗಳ ನಡುವಿನ ಆಕಾಶವನ್ನು ನೋಡಿಕೊಳ್ಳುವ ಏರಿಯಾ ಕಂಟ್ರೋಲ್‌ನಿಂದ ಫೋನ್ ಬಂತು. ಗೋವಾಕ್ಕೆ ಹೋಗಬೇಕಿದ್ದ ಒಂದು ಏರ್‌ಬಸ್ 320 ಎರಡು ಸಲ ಇಳಿಯಲು ನೋಡಿ, ರನ್‌ವೇ ಕಾಣದೆ ಮೇಲೇರಿದೆ. ಗೋವಾದ ಎರಡೂ ವಿಮಾನ ನಿಲ್ದಾಣಗಳು ಒಂದೇ ಮಳೆಯ ಅಡಿಯಲ್ಲಿವೆ. ಹೊರಡುವಾಗ ಪರ್ಯಾಯ ಅಂತ ಬರೆದುಕೊಂಡದ್ದು ಬೆಂಗಳೂರು. ಆದರೆ ಮಳೆ ಕಡಿಮೆಯಾದೀತು ಅಂತ ಸುತ್ತು ಹೊಡೆದು ಕಾದದ್ದರಲ್ಲೇ ಆ ದೂರಕ್ಕೆ ಬೇಕಾದ ಇಂಧನ ಖರ್ಚಾಗಿದೆ. ಬೆಳಗಾವಿಗೆ ಬರಬಹುದು, ಇನ್ನೂ ನಿರ್ಧಾರ ಆಗಿಲ್ಲ. ಹವಾಮಾನ ಹೇಗಿದೆ, ರನ್‌ವೇ ಸಿಗುತ್ತದಾ ಅಂತ ಕೇಳಿದರು.

ಗೋವಾದ ಮೋಪಾದಿಂದ ಬೆಳಗಾವಿಗೆ ಆಕಾಶದಲ್ಲಿ ಸುಮಾರು 45 ನಾಟಿಕಲ್ ಮೈಲಿ. ಘಟ್ಟ ದಾಟಿದರೆ ಆಯಿತು. ರಸ್ತೆಯಲ್ಲಿ ಚೋರ್ಲಾ ಘಾಟ್ ಹತ್ತಿ ಬರುವವರಿಗೆ ಗಂಟೆಗಟ್ಟಲೆ ಆಗುವ ದಾರಿ ಈ ವಿಮಾನಕ್ಕೆ ಕಾಲು ಗಂಟೆ.

ಆ ರಾತ್ರಿಯ ಅತಿ ಮುಖ್ಯ ಕೆಲಸ ನಡೆದದ್ದು ಇಲ್ಲಿಯೇ ಅಂತ ನನ್ನ ಅಭಿಪ್ರಾಯ. ಪೈಲಟ್ ಇನ್ನೂ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ವಿಮಾನ ಬರುವುದು ಖಚಿತವೂ ಆಗಿರಲಿಲ್ಲ. ಆದರೂ ಅಶ್ವಿನಿ ಫೋನ್ ಇಟ್ಟವಳೇ ವಾಕಿಟಾಕಿ ತೆಗೆದುಕೊಂಡಳು.

"ಬಸಣ್ಣ, ಕೆಲಸಾ ನಿಲ್ಲಸ್ರಿ. ವಿಮಾನ ಬರೂ ಸಾಧ್ಯತೆ ಐತಿ. ರನ್‌ವೇ ಎಷ್ಟೊತ್ತಿಗೆ ಖಾಲಿ ಮಾಡ್ತೀರಿ?"

"ಎರಡು ದೀಪಾ ಬಿಚ್ಚೀವ್ರಿ ಮೇಡಂ. ಒಂದು ಕೂಡಸ್ತೀವಿ, ಇನ್ನೊಂದಕ್ಕ ಮುಚ್ಚಳಾ ಹಾಕಿ ಬಿಡ್ತೀವಿ. ಹತ್ತು ಹನ್ನೆರಡು ನಿಮಿಷ ಕೊಡ್ರಿ."

"ಎರಡೂ ಪಕ್ಕಪಕ್ಕದ್ದೇನು?"

"ಇಲ್ರೀ. ಪಕ್ಕಪಕ್ಕದ್ದು ನಾವು ಯಾವಾಗೂ ಬಿಚ್ಚಂಗಿಲ್ಲ."

ಅಂಚಿನ ದೀಪಗಳು 60 ಮೀಟರಿಗಿಂತ ದೂರ ಇರಬಾರದು. ಒಂದು ಕತ್ತಲಾದರೆ ಪೈಲಟ್‌ನ ಕಣ್ಣು ಆ ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಅಕ್ಕಪಕ್ಕದ ಎರಡು ಹೋದರೆ ರನ್‌ವೇಯ ಅಂಚು ಅಲ್ಲಿ ತುಂಡಾದ ಹಾಗೆ ಕಾಣುತ್ತದೆ, ಮಳೆಯಲ್ಲಂತೂ ಇನ್ನೂ ಜಾಸ್ತಿ. ಬಸಣ್ಣನ ಆ ಒಂದು ಮಾತಿನಿಂದ ಅವಳ ಅರ್ಧ ಚಿಂತೆ ಕಳೆಯಿತು.

ವಿಮಾನ ಖಚಿತವಾದ ಮೇಲೆ ಹೇಳಿದರಾಯಿತು ಅಂತ ಅವಳು ಕಾದಿದ್ದರೆ ಏನಾಗುತ್ತಿತ್ತು? ಖಚಿತವಾದದ್ದು 23:39ಕ್ಕೆ. ಹನ್ನೆರಡು ನಿಮಿಷ ಸೇರಿಸಿ, 23:51. ಆಮೇಲೆ ರನ್‌ವೇ ಪೂರ್ತಿ ಓಡಿ ತಪಾಸಣೆ ಮಾಡಬೇಕು. ವಿಮಾನ ಇಳಿಯಬೇಕಿದ್ದದ್ದು 23:53ಕ್ಕೆ. ಬರದೇ ಹೋಗಬಹುದಾದ ವಿಮಾನಕ್ಕಾಗಿ ಕೆಲಸ ನಿಲ್ಲಿಸಲು ಹೊಸಬರು ಹಿಂಜರಿಯುತ್ತಾರೆ. ಕೆಲಸ ನಿಲ್ಲಿಸಿ, ವಿಮಾನ ಬರದಿದ್ದರೆ ಬಸಣ್ಣ ಇನ್ನೊಮ್ಮೆ ಸ್ಕ್ರೂ ಬಿಚ್ಚಬೇಕಾಗುತ್ತದೆ, ಅಷ್ಟೇ ಅಲ್ವಾ?

23:41ಕ್ಕೆ ಹವಾಮಾನ ಕಚೇರಿಯಿಂದ ಗಾಳಿ, ಮೋಡ, ಒತ್ತಡದ ಅಂಕಿಗಳು ಬಂದವು. ಗಾಳಿ 250 ಡಿಗ್ರಿಯಿಂದ 8 ನಾಟ್, ರನ್‌ವೇ ಒದ್ದೆ. ಅಂಕಿ ಹೇಳಿದ ಮೇಲೆ ಅಲ್ಲಿದ್ದವರು ಒಂದು ಮಾತು ಸೇರಿಸಿದರು. ಪಶ್ಚಿಮಕ್ಕೆ ದೊಡ್ಡ ಮಳೆ ಕಾಣುತ್ತಿದೆ, ಇತ್ತಲೇ ಬರುತ್ತಿದೆ. ಅಶ್ವಿನಿ ಅದನ್ನೂ ಪ್ಯಾಡಿನ ಮೂಲೆಯಲ್ಲಿ ಬರೆದುಕೊಂಡಳು. ಆ ಮೂಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

23:43ಕ್ಕೆ ವಿಮಾನ ಅವಳ ಫ್ರೀಕ್ವೆನ್ಸಿಗೆ ಬಂತು. ಕ್ಯಾಪ್ಟನ್‌ನ ದನಿ ಸಮಾಧಾನವಾಗಿತ್ತು. ಮೊದಲ ಮಾತಿನಲ್ಲೇ "ಮಿನಿಮಮ್ ಫ್ಯೂಯೆಲ್" ಅಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಜೆಟ್ ವಿಮಾನದಲ್ಲೂ ಮುಟ್ಟಬಾರದ ಒಂದು ಪಾಲು ಇರುತ್ತದೆ. ನಿಲ್ದಾಣದ ಮೇಲೆ 1500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವುದಕ್ಕೆ ಬೇಕಾಗುವಷ್ಟು ಇಂಧನ ಅದು. ಅದಕ್ಕೆ ಫೈನಲ್ ರಿಸರ್ವ್ ಅನ್ನುತ್ತಾರೆ. ನಮ್ಮ ವಿಮಾನಕ್ಕೆ ಅದು 1150 ಕೆಜಿ ಅಂದುಕೊಳ್ಳಿ. ಚಕ್ರ ನೆಲ ಮುಟ್ಟುವಾಗ ಈ ಪಾಲು ಟ್ಯಾಂಕಿನಲ್ಲಿ ಹಾಗೇ ಇರಬೇಕು. ಮಿನಿಮಮ್ ಫ್ಯೂಯೆಲ್ ಅಂದರೆ, ನಾನು ಇನ್ನು ಈ ನಿಲ್ದಾಣಕ್ಕೇ ಬರುತ್ತೇನೆ, ಬೇರೆ ಕಡೆ ಹೋಗುವ ದಾರಿ ಇಲ್ಲ, ಈಗಿರುವ ಯೋಜನೆಯಲ್ಲಿ ಏನಾದರೂ ಬದಲಾದರೆ ಆ ಪಾಲಿಗೆ ಕೈ ಹಾಕಬೇಕಾಗಬಹುದು ಅಂತ. ಇದು ತುರ್ತು ಪರಿಸ್ಥಿತಿ ಅಲ್ಲ, ಮುಂಚೆಯೇ ಕೊಡುವ ಎಚ್ಚರಿಕೆ. ಇಷ್ಟಕ್ಕೇ ಉಳಿದ ವಿಮಾನಗಳನ್ನು ಪಕ್ಕಕ್ಕೆ ಸರಿಸಬೇಕಾಗಿಲ್ಲ. ಆದರೆ ಎಷ್ಟು ತಡವಾಗಬಹುದು ಅನ್ನುವುದನ್ನು ಕಂಟ್ರೋಲರ್ ಮುಚ್ಚಿಡದೆ ಹೇಳಬೇಕು.

ಇಳಿದಾಗ ಆ ಪಾಲು ಉಳಿಯುವುದೇ ಇಲ್ಲ ಅಂತ ಲೆಕ್ಕದಲ್ಲಿ ಗೊತ್ತಾದರೆ ಮಾತು ಬೇರೆ. ಆಗ "ಮೇಡೇ, ಮೇಡೇ, ಮೇಡೇ, ಫ್ಯೂಯೆಲ್" ಅನ್ನಬೇಕು. ಅದು ಪೂರ್ತಿ ತುರ್ತು ಪರಿಸ್ಥಿತಿ.

ಈ ಎರಡು ಘೋಷಣೆಗಳು ಈಗಿನ ರೂಪದಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಬಂದದ್ದು 2012ರಲ್ಲಿ. ಅದಕ್ಕೂ ಮುಂಚೆ ಜೀವಗಳು ಹೋಗಿದ್ದವು. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಅವಿಯಾಂಕಾ 52 ವಿಮಾನ ಕೆಟ್ಟ ಹವೆಯಲ್ಲಿ ಒಂದು ಗಂಟೆಗೂ ಮೀರಿ ಸುತ್ತು ಹೊಡೆದು ಕಾಯಿತು. ಇಂಧನ ಮುಗಿಯುತ್ತಿದೆ, ನಮಗೆ ಆದ್ಯತೆ ಬೇಕು ಅಂತ ಸಿಬ್ಬಂದಿ ಹೇಳಿದರು. ತುರ್ತು ಪರಿಸ್ಥಿತಿ ಅಂತ ಮಾತ್ರ ಘೋಷಿಸಲಿಲ್ಲ. ಆ ಮಾತು ಒಬ್ಬ ಕಂಟ್ರೋಲರ್‌ನಿಂದ ಇನ್ನೊಬ್ಬರಿಗೆ ದಾಟುವಾಗ ಅದರ ತೂಕ ಕಳೆದುಹೋಯಿತು. ಮೊದಲ ಸಲ ಇಳಿಯಲಾಗದೆ ಮೇಲೇರಿದ ವಿಮಾನಕ್ಕೆ ಎರಡನೇ ಸಲಕ್ಕೆ ಇಂಧನ ಉಳಿಯಲಿಲ್ಲ. ಅದರಲ್ಲಿದ್ದ 158 ಜನರಲ್ಲಿ 73 ಜನ ತೀರಿಕೊಂಡರು.

ಅಶ್ವಿನಿ ಕೇಳಿದ್ದು ಎರಡೇ ಪ್ರಶ್ನೆ. ಇಂಧನ ಎಷ್ಟು ನಿಮಿಷಕ್ಕೆ ಬರುತ್ತದೆ, ಒಳಗೆ ಎಷ್ಟು ಜನ ಇದ್ದಾರೆ. 45 ನಿಮಿಷ, 171 ಜನ ಅಂತ ಉತ್ತರ ಬಂತು. ಕಿಲೋಗ್ರಾಂ ಕೇಳಿದರೆ ಕಂಟ್ರೋಲರ್‌ಗೆ ಪ್ರಯೋಜನ ಇಲ್ಲ, ಯಾಕೆಂದರೆ ಒಂದೊಂದು ವಿಮಾನಕ್ಕೂ ಲೆಕ್ಕ ಬೇರೆ. ನಿಮಿಷದಲ್ಲಿ ಕೇಳಿದರೆ ಗಡಿಯಾರ ನೋಡಿ ತಿಳಿದುಕೊಳ್ಳಬಹುದು. ನಾವು ಕಾಕ್‌ಪಿಟ್‌ನ ಲೆಕ್ಕವನ್ನೂ ನೋಡೋಣ. ಆಗ ಟ್ಯಾಂಕಿನಲ್ಲಿ 1800 ಕೆಜಿ ಇತ್ತು. ಈ ಎತ್ತರದಲ್ಲಿ ನಿಮಿಷಕ್ಕೆ ಸುಮಾರು 40 ಕೆಜಿ ಸುಡುತ್ತದೆ. 23:53ಕ್ಕೆ ಇಳಿದರೆ 1400 ಉಳಿಯುತ್ತದೆ. ಮುಟ್ಟಬಾರದ್ದು 1150. ಹೆಚ್ಚುವರಿ 250 ಕೆಜಿ ಅಂದರೆ ಆರು ನಿಮಿಷ ಚಿಲ್ಲರೆ.

ಆ ಆರು ನಿಮಿಷವೇ ಈಗ ಅವಳ ಕೈಯಲ್ಲಿದ್ದ ಬಂಡವಾಳ. ತಡ ಇಲ್ಲ ಅಂತ ಹೇಳಲು ಬಾಯಿಗೆ ಬಂದಿತ್ತು. ಆದರೆ ಕೆಂಪು ಪಟ್ಟಿ ಇನ್ನೂ ಬೋರ್ಡಿನಲ್ಲೇ ಇತ್ತು. ರನ್‌ವೇ ಮೇಲೆ ಕೆಲಸದವರು ಇದ್ದಾರೆ, ಖಾಲಿ ಮಾಡುತ್ತಿದ್ದಾರೆ, 23:50ಕ್ಕೆ ಸಿಗುತ್ತದೆ, ಒಂದು ಅಂಚಿನ ದೀಪ ಉರಿಯುವುದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕ್ಯಾಪ್ಟನ್ ಸರಿ ಅಂದ.

ಮುಂದಿನ ಪ್ರಶ್ನೆ ಯಾವ ಕಡೆಯಿಂದ ಇಳಿಯುವುದು ಅಂತ. ಸಾಂಬ್ರಾದ ರನ್‌ವೇ ಉದ್ದ 2300 ಮೀಟರ್. ಪಶ್ಚಿಮದಿಂದ ಬಂದು ಇಳಿದರೆ ಅದಕ್ಕೆ 08 ಅಂತ ಹೆಸರು, ಪೂರ್ವದಿಂದ ಬಂದರೆ 26. ಗೋವಾದಿಂದ ಬರುವವರಿಗೆ 08 ನೇರ ದಾರಿ. ಆದರೆ ಮಳೆಗಾಲದ ಗಾಳಿ ಬರುವುದೂ ಪಶ್ಚಿಮದಿಂದಲೇ. ಅಂದರೆ 08ಕ್ಕೆ ಇಳಿಯುವಾಗ ಗಾಳಿ ಬೆನ್ನ ಹಿಂದೆ ಇರುತ್ತದೆ, ನಿಲ್ಲಲು ಜಾಸ್ತಿ ಜಾಗ ಬೇಕಾಗುತ್ತದೆ. ಈ ವಿಮಾನಕ್ಕೆ ಬೆನ್ನ ಹಿಂದಿನ ಗಾಳಿಯ ಮಿತಿ 10 ನಾಟ್. ಆಗ ಇದ್ದದ್ದು 8. 26ಕ್ಕೆ ಹೋಗಬೇಕೆಂದರೆ ನಿಲ್ದಾಣವನ್ನು ಬಳಸಿ ಪೂರ್ವಕ್ಕೆ ದಾಟಿ ತಿರುಗಿ ಬರಬೇಕು. ಅಶ್ವಿನಿ ಎರಡೂ ಸಿಗುತ್ತವೆ ಅಂತ ಹೇಳಿ ಗಾಳಿಯ ಅಂಕಿ ಕೊಟ್ಟಳು. ಆಯ್ಕೆ ಮಾಡುವುದು ಪೈಲಟ್‌ನ ಕೆಲಸ. ಅವನು 08 ಅಂದ.

23:47ಕ್ಕೆ ಬಸಣ್ಣ ಕರೆದ.

"ಮೇಡಂ, ಎಲ್ಲಾರೂ ಹೊರಗ ಬಂದೀವ್ರಿ. ಐದು ಮಂದಿ, ಸಾಮಾನಿನ ಪೆಟ್ಟಿಗಿ, ಎರಡು ಹಳೇ ದೀಪಾ. ಎಲ್ಲಾ ಎಣಿಸೇನಿ."

ತಪಾಸಣೆಯ ಜೀಪು ಆಗಲೇ ಹೊರಟಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ರನ್‌ವೇಯ ಒಂದು ತುದಿಯಿಂದ ಇನ್ನೊಂದಕ್ಕೆ ಎರಡೂವರೆ ನಿಮಿಷ ಸಾಕು. ಬಿದ್ದ ಸ್ಕ್ರೂ, ತಂತಿಯ ತುಂಡು, ಬೇಲಿ ನುಸುಳಿ ಬಂದ ನಾಯಿ, ಇವನ್ನೆಲ್ಲ ನೋಡುತ್ತ ಹೋಗಬೇಕು. ಅಶ್ವಿನಿಯ ಕೈ ಕೆಂಪು ಪಟ್ಟಿಯ ಮೇಲಿತ್ತು, ಆದರೆ ಅವಳು ಅದನ್ನು ಎತ್ತಲಿಲ್ಲ. ಬಸಣ್ಣನ ಲೆಕ್ಕ ಸರಿಯಾಗಿದ್ದರೂ ಜೀಪಿನವನು ಇನ್ನೂ ರನ್‌ವೇ ಮೇಲೆ ಇದ್ದ. 23:49 ದಾಟಿದ ಮೇಲೆ "ರನ್‌ವೇ ಕ್ಲಿಯರ್, ನಾನೂ ಹೊರಗ ಬಂದೇನ್ರಿ" ಅಂತ ಕೇಳಿಸಿತು. ದುರ್ಬೀನಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಸಲ ನೋಡಿದಳು. ಆಮೇಲೆ ಪಟ್ಟಿ ಎತ್ತಿದಳು.

ಅದೇ ನಿಮಿಷ ಗಾಳಿ ಬದಲಾಯಿತು. ಪಶ್ಚಿಮದ ಮಳೆ ತನ್ನ ಮುಂದೆ ಗಾಳಿಯನ್ನು ದೂಡಿಕೊಂಡು ಬಂತು. ಮೀಟರಿನ ಅಂಕಿ 8ರಿಂದ 14ಕ್ಕೆ ಏರಿತು, ನಡುನಡುವೆ ಜೋರಾಗಿ ಬೀಸಿದಾಗ 22. ಪೈಲಟ್ ಕೇಳುವವರೆಗೆ ಅವಳು ಕಾಯಲಿಲ್ಲ. ಆ ಕ್ಷಣವೇ ಗಾಳಿಯನ್ನು ಓದಿ ಹೇಳಿದಳು. ರೇಡಿಯೋದಲ್ಲಿ ಎರಡು ಮೂರು ಸೆಕೆಂಡು ಮೌನ.

08 ಇನ್ನು ಆಗುವುದಿಲ್ಲ. 26ಕ್ಕೆ ಸುತ್ತಿ ಬರಬೇಕು. ಇಷ್ಟು ಹತ್ತಿರ, ಇಷ್ಟು ಕೆಳಗೆ ಇಳಿದ ಮೇಲೆ ತಿರುಗಿ ಸುತ್ತು ಹಾಕಲು ಎಂಟು ನಿಮಿಷ ಜಾಸ್ತಿ ಬೇಕು. ಎಂಟು ನಿಮಿಷಕ್ಕೆ 320 ಕೆಜಿ. 1400ರಲ್ಲಿ 320 ಕಳೆದರೆ 1080. ಅದು 1150ಕ್ಕಿಂತ ಕಡಿಮೆ.

23:50ಕ್ಕೆ ಕ್ಯಾಪ್ಟನ್ ಮೂರು ಸಲ ಮೇಡೇ ಅಂದು ಫ್ಯೂಯೆಲ್ ಅಂದ. ದನಿ ಅಷ್ಟೇ ಸಮಾಧಾನವಾಗಿತ್ತು.

ಕುಲಕರ್ಣಿ ಸರ್ ಎದ್ದು ಪಕ್ಕಕ್ಕೆ ಬಂದರು. ಮೈಕ್ ಕಿತ್ತುಕೊಳ್ಳಲಿಲ್ಲ. "ಮೈಕ್ ನಿಂದವಾ, ಫೋನ್ ಎಲ್ಲಾ ನನಗ ಬಿಡು" ಅಂದರು. ಅಷ್ಟು ಹೊತ್ತು ಅವಳು ಎರಡನ್ನೂ ನೋಡಿಕೊಳ್ಳುತ್ತಿದ್ದಳು. ಹೊಸಬಳ ಮೊದಲ ರಾತ್ರಿ ಅಂತ ಅವರು ತಾವೇ ಮೈಕ್ ತೆಗೆದುಕೊಂಡಿದ್ದರೆ, ವಿಮಾನ ಎಲ್ಲಿದೆ, ಏನು ಹೇಳಿಯಾಗಿದೆ ಅನ್ನುವ ಪೂರ್ತಿ ಚಿತ್ರವನ್ನು ಅವಳ ತಲೆಯಿಂದ ಅವರ ತಲೆಗೆ ದಾಟಿಸಬೇಕಿತ್ತು. ಅದಕ್ಕೆ ಒಂದು ನಿಮಿಷವಾದರೂ ಹೋಗುತ್ತಿತ್ತು. ಅವರ ಈ ನಿರ್ಧಾರವನ್ನು ನಾನು ತುಂಬ ಮೆಚ್ಚುತ್ತೇನೆ.

ಅಶ್ವಿನಿ ಕ್ರ್ಯಾಶ್ ಬೆಲ್ ಒತ್ತಿದಳು. ಫುಲ್ ಎಮರ್ಜೆನ್ಸಿ. ಸರ್ ಏರಿಯಾ ಕಂಟ್ರೋಲ್‌ಗೆ ಹೇಳಿದರು, ಆಸ್ಪತ್ರೆಗೆ ಹೇಳಿದರು. ಹಿಂದೆ ಬರಬಹುದಾಗಿದ್ದ ಇನ್ನೊಂದು ವಿಮಾನಕ್ಕೆ ಇಂಧನ ಸಾಕಷ್ಟಿತ್ತು, ಅದನ್ನು ಬೇರೆ ಕಡೆ ಕಳಿಸಲು ಒಪ್ಪಿಸಿದರು.

ಈಗ ನಿಜವಾದ ಅಪಾಯ ಎಲ್ಲಿತ್ತು? ಟ್ಯಾಂಕ್ ಇನ್ನೇನು ಖಾಲಿ ಅಂತ ಅಲ್ಲ. 1080 ಕೆಜಿ ಅಂದರೆ ಇಳಿದ ಮೇಲೂ ಇನ್ನೂ 27 ನಿಮಿಷ ಹಾರುವಷ್ಟು. ಅಪಾಯ ಇದ್ದದ್ದು ಎರಡನೇ ಪ್ರಯತ್ನದಲ್ಲಿ. ರನ್‌ವೇ ತನಕ ಬಂದು, ಇಳಿಯಲಾಗದೆ ಪೂರ್ತಿ ಶಕ್ತಿ ಕೊಟ್ಟು ಮೇಲೇರಿ, ಮತ್ತೆ ಸುತ್ತಿ ಬರಲು 500ರಿಂದ 600 ಕೆಜಿ ಬೇಕಾಗಬಹುದು. ಆಮೇಲೆ ಉಳಿಯುವುದು ಹನ್ನೆರಡರಿಂದ ಹದಿನಾಲ್ಕು ನಿಮಿಷದ್ದು, ಅದೂ ಮಳೆ ರನ್‌ವೇ ಮೇಲೆ ಬಂದು ನಿಂತಿರುವಾಗ. ಹಾಗಾಗಿ ಅವಳ ಕೆಲಸ ಈಗ ಒಂದೇ. ನೆಲದ ಮೇಲಿನ ಯಾವ ಕಾರಣಕ್ಕೂ ಈ ವಿಮಾನ ಮತ್ತೆ ಮೇಲೇರಬಾರದು.

ಆ ಕಾರಣ ಹುಟ್ಟಿಕೊಳ್ಳುವುದರಲ್ಲಿತ್ತು. ಅಗ್ನಿಶಾಮಕ ವಾಹನಗಳು ಬೆಲ್ ಕೇಳಿದ ಕೂಡಲೇ ಹೊರಟಿದ್ದವು.

"ಮೇಡಂ, ರನ್‌ವೇ ಬಾಜೂಕ ಹೋಗಿ ನಿಂದರತೀವಿ, ಲಗೂನ ಮುಟ್ಟಬಹುದು."

"ಬ್ಯಾಡ್ರಿ. ಗೆರಿ ದಾಟಬ್ಯಾಡ್ರಿ. ಟ್ಯಾಕ್ಸಿವೇ ಗೆರಿ ಹಿಂದನ ನಿಂದರ್ರಿ. ನಾ ಹೇಳಿದ ಮ್ಯಾಲೆ ಒಳಗ ಬರ್ರಿ."

ಅವರದು ಒಳ್ಳೆಯ ಮನಸ್ಸು. ಆದರೆ ರನ್‌ವೇ ಪಕ್ಕದ ಪಟ್ಟೆಯಲ್ಲಿ ವಾಹನ ನಿಂತಿದ್ದರೆ ಇಳಿಯಲು ಅನುಮತಿ ಕೊಡುವಂತಿಲ್ಲ. ಸಹಾಯಕ್ಕೆ ಬಂದ ವಾಹನದಿಂದಲೇ ವಿಮಾನ ಮೇಲೇರಬೇಕಾಗಿ ಬರಬಾರದು ಅಲ್ವಾ?

ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. 26ಕ್ಕೆ ಇಳಿಯುವ ಅನುಮತಿಯನ್ನು ಆಗಲೇ ಕೊಟ್ಟುಬಿಟ್ಟಳು. ರನ್‌ವೇ ಖಾಲಿ ಇದೆ, ಬೇರೆ ವಿಮಾನ ಇಲ್ಲ, ಕಾಯಲು ಕಾರಣವೇ ಇರಲಿಲ್ಲ. ದೀಪಗಳ ಪ್ರಖರತೆ ಐದು ಹಂತಗಳಲ್ಲಿ ಮೂರನೆಯದರಲ್ಲಿತ್ತು. ಪಶ್ಚಿಮದ ತುದಿ ಮಳೆಯಲ್ಲಿ ಮಸುಕಾಗುತ್ತಿದ್ದಂತೆ ಐದಕ್ಕೆ ಏರಿಸಿ, ಕಣ್ಣು ಕುಕ್ಕಿದರೆ ಹೇಳಿ ಅಂದಳು. ನಡುವೆ ಎರಡು ಸಲ ಗಾಳಿಯ ಅಂಕಿ ಓದಿದಳು. ಅಷ್ಟೇ. ಏರಿಯಾ ಕಂಟ್ರೋಲ್‌ನವರು ಪ್ರಯಾಣಿಕರ ಸಂಖ್ಯೆಯನ್ನು ಇನ್ನೊಮ್ಮೆ ಪೈಲಟ್‌ನಿಂದ ಕೇಳಿಸಲು ನೋಡಿದರು. ಕುಲಕರ್ಣಿ ಸರ್ ಅವಳ ಸ್ಟ್ರಿಪ್ ನೋಡಿ ತಾವೇ ಉತ್ತರ ಕೊಟ್ಟರು. ರಾತ್ರಿ, ಮಳೆಯಲ್ಲಿ ವಿಮಾನ ತಿರುಗಿಸುತ್ತಿರುವವನ ಕಿವಿಗೆ ಒಂದು ಅನಗತ್ಯ ಪ್ರಶ್ನೆಯೂ ಹೋಗಬಾರದು.

23:58ಕ್ಕೆ ಪೂರ್ವದಲ್ಲಿ, ಸುಳೇಭಾವಿ ದಿಕ್ಕಿನಲ್ಲಿ, ವಿಮಾನದ ದೀಪ ಕಂಡಿತು. ಆ ಕಡೆ ಇನ್ನೂ ಮಳೆ ಮುಟ್ಟಿರಲಿಲ್ಲ. 00:01ಕ್ಕೆ ಚಕ್ರ ನೆಲ ಮುಟ್ಟಿತು. ಎದುರು ಗಾಳಿ ಇದ್ದದ್ದರಿಂದ ಪೂರ್ತಿ ಉದ್ದ ಬೇಕಾಗಲಿಲ್ಲ.

ಫೈನಲ್ ರಿಸರ್ವ್‌ಗಿಂತ ಕಡಿಮೆ ಇಂಧನದಲ್ಲಿ ಇಳಿದ ಘಟನೆಗೆ ವರದಿ ಆಗಲೇಬೇಕು. ಟವರ್‌ನ ಧ್ವನಿಮುದ್ರಣವನ್ನು ತೆಗೆದಿಟ್ಟರು. ಸಮಯದ ಪಟ್ಟಿ ಹಾಕಿ ಕೂತಾಗ ಎದ್ದು ಬಂದದ್ದು ಆ ಪ್ಯಾಡಿನ ಮೂಲೆ.

ಪಶ್ಚಿಮದಿಂದ ಮಳೆ ಇತ್ತಲೇ ಬರುತ್ತಿದೆ ಅನ್ನುವ ಮಾತು 23:41ಕ್ಕೇ ಅಶ್ವಿನಿಯ ಕೈಯಲ್ಲಿತ್ತು. 23:43ಕ್ಕೆ ಅವಳು ಪೈಲಟ್‌ಗೆ ಕೊಟ್ಟದ್ದು ಆಗಿನ ಗಾಳಿಯನ್ನು ಮಾತ್ರ. ಅದು ನಿಯಮದ ಪ್ರಕಾರ ಸರಿಯಾದ ಅಂಕಿಯೇ. ಅಳೆದದ್ದನ್ನು ಹೇಳು, ಊಹೆಯನ್ನು ಹೇಳಬೇಡ ಅಂತ ತರಬೇತಿಯಲ್ಲಿ ತಿದ್ದಿ ತಿದ್ದಿ ಕಲಿಸುತ್ತಾರೆ. ಆದರೆ ಹವಾಮಾನ ಕಚೇರಿಯವರು ಕಣ್ಣಾರೆ ಕಂಡು ಹೇಳಿದ ಮಾತು ಅವಳ ಊಹೆ ಆಗಿರಲಿಲ್ಲ. ಕಚೇರಿಯವರು ಹೀಗೆ ಹೇಳುತ್ತಿದ್ದಾರೆ ಅಂತ ಒಂದೇ ವಾಕ್ಯದಲ್ಲಿ ದಾಟಿಸಬಹುದಿತ್ತು. ಪೈಲಟ್‌ಗೆ ತನ್ನ ರಾಡಾರ್‌ನಲ್ಲಿ ಕಾಣುತ್ತಿರಲಿಲ್ಲವೇ ಅಂತ ಕೇಳಬಹುದು. ಅವನು ಮಳೆಯಿಂದಲೇ ಹೊರಬರುತ್ತಿದ್ದ. ವಿಮಾನದ ರಾಡಾರ್ ಮೂತಿಯ ಮುಂದಿನದನ್ನು ತೋರಿಸುತ್ತದೆ. ಈ ಮಳೆ ಅವನ ಬೆನ್ನ ಹಿಂದೆ ಇತ್ತು.

ಲೆಕ್ಕ ಇನ್ನೊಮ್ಮೆ ಹಾಕೋಣ. 23:43ಕ್ಕೇ 26 ಅಂತ ತೀರ್ಮಾನ ಆಗಿದ್ದರೆ, ಆ ದೂರದಿಂದಲೇ ದಾರಿ ತಿದ್ದಿಕೊಂಡು ನೇರ ಪೂರ್ವಕ್ಕೆ ಬರಬಹುದಿತ್ತು. ಆಗ ಜಾಸ್ತಿ ಬೇಕಾಗುತ್ತಿದ್ದದ್ದು ಎಂಟು ನಿಮಿಷ ಅಲ್ಲ, ಸುಮಾರು ಐದು. 1400ರಲ್ಲಿ 200 ಕಳೆದರೆ 1200. ಮಿತಿಗಿಂತ 50 ಕೆಜಿ ಮೇಲೆ. ಮೇಡೇ ಬೇಕಾಗುತ್ತಿರಲಿಲ್ಲ. ಒಂದು ನಿಮಿಷದಷ್ಟೇ ಹೆಚ್ಚುವರಿ, ಅದೇನೂ ಆರಾಮದ ಸ್ಥಿತಿ ಅಲ್ಲ ಅನ್ನುವುದೂ ನಿಜ. ಆದರೆ ಮಿನಿಮಮ್ ಫ್ಯೂಯೆಲ್ ಮತ್ತು ಮೇಡೇ ನಡುವೆ ಆ ರಾತ್ರಿ ಇದ್ದ ಅಂತರ ಈ ಮೂರು ನಿಮಿಷವೇ.

ಕುಲಕರ್ಣಿ ಸರ್ ಮರುದಿನ ಹವಾಮಾನ ಕಚೇರಿಯವರ ಜೊತೆ ಕೂತು ಒಂದು ಸಣ್ಣ ಬದಲಾವಣೆ ಮಾಡಿಕೊಂಡರು. ಬೇರೆ ಕಡೆ ಇಳಿಯಬೇಕಿದ್ದ ವಿಮಾನ ಇತ್ತ ಬರುತ್ತಿದೆ ಅಂತ ಟವರ್ ತಿಳಿಸಿದ ಮೇಲೆ, ಮುಂದಿನ ಅರ್ಧ ಗಂಟೆಯಲ್ಲಿ ಗಾಳಿಯ ದಿಕ್ಕು ಅಥವಾ ವೇಗ ಬದಲಾಗುವ ಲಕ್ಷಣ ಇದೆಯೇ ಅನ್ನುವುದನ್ನು ಅವರು ಅಂಕಿಗಳ ಜೊತೆಗೇ ಹೇಳುತ್ತಾರೆ. ಟವರ್ ಅದನ್ನು ಪ್ಯಾಡಿನಲ್ಲಿ ಬರೆಯುವುದಿಲ್ಲ. ವಿಮಾನದ ಸ್ಟ್ರಿಪ್ ಮೇಲೆ, ಗಾಳಿಯ ಅಂಕಿಯ ಪಕ್ಕದಲ್ಲೇ ಬರೆದು, ಪೈಲಟ್‌ಗೆ ಕೊಡುವ ಮೊದಲ ಉತ್ತರದಲ್ಲೇ ಓದಿ ಹೇಳುತ್ತದೆ.